ಹೊಟ್ಟಿನ ಶಾಂಪೂ ಹಾಕಿದರೆ ಡೈ ಯಾಕೆ ಬಿಡುತ್ತೆ? ಬಣ್ಣ ಉಳಿಸಿಕೊಂಡೇ ನೆತ್ತಿ ನೋಡಿಕೊಳ್ಳುವ ಬಗೆ

ನನ್ನ ಗೆಳತಿಯೊಬ್ಬಳು ಕೂದಲಿಗೆ ಗಾಢ ಕಂದು ಬಣ್ಣ ಹಾಕಿಸಿಕೊಂಡು ಎರಡು ವಾರ ಆಗಿತ್ತು ಅಷ್ಟೆ. ಒಂದು ದಿನ ಫೋನ್ ಮಾಡಿದಳು. "ತುದಿಯೆಲ್ಲ ತುಕ್ಕು ಹಿಡಿದ ಹಾಗೆ ಕಾಣ್ತಿದೆ ಕಣೇ. ಡೈನೇ ಸರಿ ಇಲ್ಲ ಅನ್ಸುತ್ತೆ" ಅಂದಳು.

ಡೈ ಸರಿಯಾಗೇ ಇತ್ತು. ಬಣ್ಣ ಹಾಕಿದ ಮೂರನೇ ದಿನದಿಂದ ಅವಳಿಗೆ ಹೊಟ್ಟು ಉದುರತೊಡಗಿತ್ತು. ಔಷಧಿ ಅಂಗಡಿಯಿಂದ 2% ಕೀಟೋಕೊನಜೋಲ್ ಶಾಂಪೂ ತಂದಿದ್ದಳು. ಬೇಗ ಹೋಗಲಿ ಅಂತ ದಿನಾ ಹಾಕಿದಳು. ಹತ್ತು ದಿನಕ್ಕೆ ಹತ್ತು ಸಲ ತಲೆಸ್ನಾನ, ಅದೂ ಚೆನ್ನಾಗಿ ಬಿಸಿ ನೀರಲ್ಲಿ. ನೊರೆಯನ್ನು ಬುಡದಿಂದ ತುದಿಯವರೆಗೆ ಎಳೆದು ತಿಕ್ಕಿ, ಅರ್ಧ ನಿಮಿಷದಲ್ಲಿ ತೊಳೆದುಬಿಡುತ್ತಿದ್ದಳು. ಕೊನೆಗೆ ಬಣ್ಣ ಹೋಯಿತು, ಹೊಟ್ಟು ಮಾತ್ರ ಹಾಗೇ ಉಳಿಯಿತು.

ಈ ಎರಡೂ ಒಟ್ಟಿಗೆ ಆಗಿದ್ದು ಕಾಕತಾಳೀಯ ಅಲ್ಲ. ಔಷಧಿ ಬೇಕಾಗಿರುವುದು ನೆತ್ತಿಯ ಚರ್ಮಕ್ಕೆ, ಅದೂ ಕೆಲವು ನಿಮಿಷ ಅಲ್ಲಿ ನಿಂತರೆ ಮಾತ್ರ ಕೆಲಸ ಮಾಡುತ್ತದೆ. ಬಣ್ಣ ಇರುವುದು ಕೂದಲಲ್ಲಿ. ಆ ಕೂದಲಿಗೆ ಔಷಧಿಯ ಅಗತ್ಯವೇ ಇಲ್ಲ. ಅವಳು ಮಾಡಿದ್ದು ಸರಿಯಾಗಿ ಉಲ್ಟಾ. ಚರ್ಮಕ್ಕೆ ಸಮಯ ಕೊಡಲಿಲ್ಲ, ಕೂದಲಿಗೆ ಬೇಡದ್ದನ್ನು ಹತ್ತು ಸಲ ಬಳಿದಳು.

ಬಣ್ಣ ಹೊರಗೆ ಬರುವುದು ಹೇಗೆ

ಒಂದು ಕೂದಲೆಳೆಯನ್ನು ಹಂಚಿನ ಮಾಡಿನ ಹಾಗೆ ಕಲ್ಪಿಸಿಕೊಳ್ಳಿ. ಹೊರಗಡೆ ಒಂದರ ಮೇಲೊಂದು ಜೋಡಿಸಿದ ತೆಳು ಪದರ. ಒಳಗೆ ಕೂದಲಿನ ತಿರುಳು. ಪರ್ಮನೆಂಟ್ ಡೈ ಹಾಕುವಾಗ ಅದರಲ್ಲಿರುವ ಅಮೋನಿಯಾದಂಥ ಕ್ಷಾರ ಈ ಹಂಚುಗಳನ್ನು ಸ್ವಲ್ಪ ಮೇಲೆತ್ತುತ್ತದೆ. ಬಣ್ಣವಿಲ್ಲದ ಸಣ್ಣ ಸಣ್ಣ ಕಣಗಳು ಒಳಗೆ ಹೋಗುತ್ತವೆ. ಅಲ್ಲಿ ಪೆರಾಕ್ಸೈಡ್ ಜೊತೆ ಸೇರಿ, ಒಂದಕ್ಕೊಂದು ಅಂಟಿಕೊಂಡು, ದೊಡ್ಡದಾಗಿ ಬಣ್ಣ ತಾಳುತ್ತವೆ. ದೊಡ್ಡದಾದ ಮೇಲೆ ಬಂದ ದಾರಿಯಲ್ಲೇ ವಾಪಸ್ ಹೋಗುವುದು ಕಷ್ಟ. ಪರ್ಮನೆಂಟ್ ಅನ್ನುವ ಹೆಸರಿನ ಹಿಂದಿರುವುದು ಇಷ್ಟೇ.

ಕಷ್ಟ ಅಂದರೆ ಆಗುವುದೇ ಇಲ್ಲ ಅಂತ ಅಲ್ಲ. ನೀರು ಹೀರಿದ ಕೂದಲು ಉಬ್ಬುತ್ತದೆ, ಹಂಚುಗಳು ಸಡಿಲವಾಗುತ್ತವೆ, ಸ್ವಲ್ಪ ಸ್ವಲ್ಪ ಬಣ್ಣ ನೀರಿನ ಜೊತೆ ಹೊರಟುಹೋಗುತ್ತದೆ. ಬರೀ ನೀರಿಗೂ ಬಣ್ಣ ಬಿಡುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಶಾಂಪೂ ಆ ಕೆಲಸವನ್ನು ಇನ್ನಷ್ಟು ಸಲೀಸು ಮಾಡುತ್ತದೆ. ಬಿಸಿ ನೀರು ಹೆಚ್ಚಿಸುತ್ತದೆ, ಉಜ್ಜಾಟ ಹೆಚ್ಚಿಸುತ್ತದೆ. ಪೆರಾಕ್ಸೈಡ್ ನಿಮ್ಮ ಕೂದಲಿನ ಸಹಜ ಬಣ್ಣವನ್ನೂ ಒಂದಿಷ್ಟು ತೆಳು ಮಾಡಿರುತ್ತದೆ. ಮೇಲಿನ ಡೈ ಹೋದ ಮೇಲೆ ಕೆಳಗಿನ ಕಿತ್ತಳೆ ಛಾಯೆ ಇಣುಕುತ್ತದೆ. ಗೆಳತಿ ಕಂಡ ತುಕ್ಕು ಅದೇ.

ಹಾಗಾದರೆ ಔಷಧಿ ಶಾಂಪೂ ಯಾಕೆ ಮಾಮೂಲಿಗಿಂತ ಕೆಟ್ಟದು? ಮೊದಲ ಕಾರಣ ಔಷಧಿಯಲ್ಲ, ಅದರ ಜೊತೆಗಿರುವ ಸೋಪು. ಹೊಟ್ಟಿನ ನೆತ್ತಿ ಸಾಮಾನ್ಯವಾಗಿ ಜಿಡ್ಡಿನ ನೆತ್ತಿ. ಆ ಜಿಡ್ಡು ತೆಗೆಯಲೆಂದು ಇಂಥ ಎಷ್ಟೋ ಶಾಂಪೂಗಳಲ್ಲಿ ಚುರುಕಾದ ನೊರೆ ಪದಾರ್ಥ ಹಾಕಿರುತ್ತಾರೆ. ಕೂದಲು ನುಣುಪು ಮಾಡುವ ಅಂಶ ಕಮ್ಮಿ ಇರುತ್ತದೆ. ಎರಡನೇ ಕಾರಣ ಇನ್ನೂ ಸರಳ. ಈ ಬಾಟಲಿ ಮನೆಗೆ ಬಂದ ಮೇಲೆ ನಾವು ತಲೆಸ್ನಾನವನ್ನೇ ಜಾಸ್ತಿ ಮಾಡುತ್ತೇವೆ. ವಾರಕ್ಕೆ ಎರಡಿದ್ದದ್ದು ಐದಾಗುತ್ತದೆ. ಬಾಟಲಿಯಲ್ಲಿ ಏನೇ ಇರಲಿ, ಆ ಲೆಕ್ಕವೊಂದೇ ಸಾಕು ಬಣ್ಣ ಕಳೆಯಲು.

ಮೂರನೆಯದು ಕೆಲವು ಔಷಧಿಗಳ ಸ್ವಂತ ಚೇಷ್ಟೆ. ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ಮೂರು ಲೋಟದ ಪರೀಕ್ಷೆ

ಶಾಂಪೂವನ್ನು ಬೈಯುವ ಮುಂಚೆ ನಿಜವಾಗಿ ಬಣ್ಣ ಎಳೆಯುತ್ತಿರುವುದು ಯಾವುದು ಅಂತ ಮನೆಯಲ್ಲೇ ನೋಡಬಹುದು. ಬಿಳಿ ಬಣ್ಣದ ಮೂರು ಲೋಟ ಅಥವಾ ಬಟ್ಟಲು ತಗೊಳ್ಳಿ. ಮೂರರಲ್ಲೂ ಅರ್ಧದಷ್ಟು ಉಗುರುಬೆಚ್ಚಗಿನ ನೀರು. ಮೊದಲನೆಯದಕ್ಕೆ ಏನೂ ಹಾಕಬೇಡಿ. ಎರಡನೆಯದಕ್ಕೆ ನಿಮ್ಮ ಮಾಮೂಲಿ ಶಾಂಪೂ ಅರ್ಧ ಚಮಚ, ಮೂರನೆಯದಕ್ಕೆ ಔಷಧಿ ಶಾಂಪೂ ಅರ್ಧ ಚಮಚ. ನೊರೆ ಏಳದ ಹಾಗೆ ಮೆಲ್ಲಗೆ ಕದಡಿ.

ಕಿವಿಯ ಹಿಂದೆ, ಹೊರಗೆ ಕಾಣದ ಜಾಗದಿಂದ, ಒಂದೇ ದಪ್ಪದ ಮೂರು ಸಣ್ಣ ಕುಚ್ಚು ಬೇರೆ ಮಾಡಿಕೊಳ್ಳಿ. ಒಂದೊಂದರ ತುದಿಯನ್ನು ಒಂದೊಂದು ಲೋಟದಲ್ಲಿ 3 ನಿಮಿಷ ಅದ್ದಿಡಿ. ಒಂದೇ ಕುಚ್ಚನ್ನು ಮೂರರಲ್ಲೂ ಅದ್ದಬೇಡಿ. ಮೊದಲು ಅದ್ದಿದ ಕಡೆ ಜಾಸ್ತಿ ಬಣ್ಣ ಬಿಟ್ಟಿರುತ್ತದೆ, ಲೆಕ್ಕ ತಪ್ಪುತ್ತದೆ. ಬಣ್ಣ ಹಾಕಿದ ಹೊಸತರಲ್ಲೂ ಇದನ್ನು ಮಾಡಬೇಡಿ. ಹೊರಗೆ ಅಂಟಿಕೊಂಡಿರುವ ಡೈ ಎಲ್ಲಕ್ಕೂ ಇಳಿಯುತ್ತದೆ. ಮೂರ್ನಾಲ್ಕು ತಲೆಸ್ನಾನ ಆಗಿರಲಿ.

ಈಗ ಲೋಟಗಳನ್ನು ಕಿಟಕಿ ಹತ್ತಿರ ಇಟ್ಟು ನೋಡಿ. ಮೂರನೆಯದು ಮಾತ್ರ ಕಂದಾಗಿದ್ದರೆ ತಪ್ಪು ಆ ಶಾಂಪೂದು, ಅದನ್ನು ತುದಿಗೆ ಮುಟ್ಟಿಸಲೇಬಾರದು. ಎರಡೂ ಮೂರೂ ಹೆಚ್ಚು ಕಮ್ಮಿ ಒಂದೇ ಥರ ಇದ್ದರೆ ಶಾಂಪೂ ಬದಲಿಸಿ ಉಪಯೋಗವಿಲ್ಲ, ತೊಳೆಯುವ ರೀತಿ ಬದಲಿಸಬೇಕು. ಬರೀ ನೀರಿನ ಲೋಟವೂ ಬಣ್ಣ ಬಂದಿದ್ದರೆ ಕೂದಲು ತುಂಬಾ ಸವೆದಿದೆ ಅಂತ ಅರ್ಥ. ಹಿಂದೆ ಬ್ಲೀಚ್ ಮಾಡಿದ ತುದಿಗಳಲ್ಲಿ ಹೀಗಾಗುವುದು ಸಹಜ. ಹಾಕಿರುವುದು ಪರ್ಮನೆಂಟ್ ಅಲ್ಲದ, ಮೇಲ್ಮೈಯಲ್ಲೇ ಕೂರುವ ಸೆಮಿ ಪರ್ಮನೆಂಟ್ ಬಣ್ಣ ಆಗಿದ್ದರೂ ಹೀಗೇ ಆಗುತ್ತದೆ. ಗಾಢ ಕೆಂಪು, ನೀಲಿ, ನೇರಳೆಯಂಥ ಫ್ಯಾನ್ಸಿ ಬಣ್ಣಗಳು ಬಹುಪಾಲು ಈ ಜಾತಿಯವು. ಅವುಗಳಿಗೆ ಪ್ರತಿ ತಲೆಸ್ನಾನವೂ ಖರ್ಚೇ.

ನನ್ನ ಗೆಳತಿಯ ಕೂದಲಲ್ಲಿ ಎರಡನೇ ಮತ್ತು ಮೂರನೇ ಲೋಟದ ನಡುವೆ ವ್ಯತ್ಯಾಸ ಇತ್ತು, ಆದರೆ ಅವಳು ಅಂದುಕೊಂಡಷ್ಟು ಇರಲಿಲ್ಲ. ಸುಮ್ನೆ ಕುತೂಹಲಕ್ಕೆ ನಾಲ್ಕನೇ ಲೋಟದಲ್ಲಿ ಅವಳು ಸ್ನಾನಕ್ಕೆ ಬಳಸುವಷ್ಟೇ ಬಿಸಿ ನೀರಿಟ್ಟು, ಮಾಮೂಲಿ ಶಾಂಪೂ ಹಾಕಿ ನೋಡಿದೆವು. ಅದೇ ಎಲ್ಲಕ್ಕಿಂತ ಕಪ್ಪಾಗಿತ್ತು! ಅವತ್ತಿಂದ ಗೀಸರ್ ಬಿಸಿ ಕಮ್ಮಿ ಮಾಡಿದಳು.

ಬಾಟಲಿಯ ಹಿಂಭಾಗ ಓದಿ

ಹೊಟ್ಟಿಗೆ ಮುಖ್ಯ ಕಾರಣ ಮಲಾಸೇಜಿಯಾ ಅನ್ನುವ ಒಂದು ಬಗೆಯ ಶಿಲೀಂಧ್ರ. ಅದು ಎಲ್ಲರ ನೆತ್ತಿಯಲ್ಲೂ ಇರುತ್ತದೆ. ಚರ್ಮದ ಎಣ್ಣೆ ತಿಂದು ಬದುಕುತ್ತದೆ, ತಿಂದು ಬಿಟ್ಟ ಅಂಶ ಕೆಲವರ ಚರ್ಮಕ್ಕೆ ಉರಿ ಬರಿಸುತ್ತದೆ, ಚರ್ಮ ಬೇಗ ಬೇಗ ಪದರ ಬಿಡುತ್ತದೆ. ಹಾಗಾಗಿ ಹೆಚ್ಚಿನ ಔಷಧಿಗಳು ಈ ಶಿಲೀಂಧ್ರವನ್ನು ಹದ್ದುಬಸ್ತಿನಲ್ಲಿಡುವವು. ಆದರೆ ಬಣ್ಣದ ವಿಷಯದಲ್ಲಿ ಎಲ್ಲವೂ ಒಂದೇ ಅಲ್ಲ.

ಸೆಲೆನಿಯಂ ಸಲ್ಫೈಡ್ ಅಂತ ಕಂಡರೆ ಡೈ ಹಾಕಿದವರು ಎರಡು ಸಲ ಯೋಚಿಸಬೇಕು. ಹೊಟ್ಟಿಗೆ ಅದು ಒಳ್ಳೆ ಔಷಧಿ. ಆದರೆ ಬ್ಲೀಚ್ ಮಾಡಿದ, ಬಣ್ಣ ಹಾಕಿದ, ನರೆತ ಕೂದಲಿನ ಬಣ್ಣ ಕೆಡಿಸಬಲ್ಲದು. ಅಂಥ ಕೂದಲಿನವರು ಬಳಸಿದರೆ ಕನಿಷ್ಠ 5 ನಿಮಿಷ ತೊಳೆಯಿರಿ ಅನ್ನುವ ಎಚ್ಚರಿಕೆ ಲೇಬಲ್ ಮೇಲೇ ಇರುತ್ತದೆ. ಬೇರೆ ದಾರಿ ಇಲ್ಲದೆ ಬಳಸುವುದಾದರೆ ಬಾಟಲಿ ಚೆನ್ನಾಗಿ ಕುಲುಕಿ, ಉಂಗುರ ಬಳೆ ತೆಗೆದಿಡಿ. ಲೋಹವನ್ನೂ ಅದು ಕಪ್ಪು ಮಾಡುತ್ತದೆ.

ಕೋಲ್ ಟಾರ್ ಇರುವುದು ತಿಳಿ ಬಣ್ಣದ ಕೂದಲಿಗೆ, ಬಿಳಿ ಕೂದಲಿಗೆ ಹಳದಿ ಕಂದು ಕಲೆ ಹತ್ತಿಸುತ್ತದೆ. ಗಾಢ ಬಣ್ಣದಲ್ಲಿ ಕಲೆ ಅಷ್ಟಾಗಿ ಕಾಣದು. ಸೋರಿಯಾಸಿಸ್‌ಗೆ ವೈದ್ಯರು ಇದನ್ನು ಕೊಟ್ಟಿದ್ದರೆ ಬಣ್ಣದ ಚಿಂತೆಗೆ ಔಷಧಿ ನಿಲ್ಲಿಸಬೇಡಿ, ಬದಲಿ ಇದೆಯಾ ಅಂತ ಕೇಳಿ.

ಕೀಟೋಕೊನಜೋಲ್ ಈ ಎರಡರಷ್ಟು ತಂಟೆಯದಲ್ಲ. ಕೂದಲಿನ ಬಣ್ಣ ಬದಲಾಗುವ ಸಾಧ್ಯತೆಯನ್ನು ಅದರ ಚೀಟಿಯಲ್ಲೂ ಬರೆದಿರುತ್ತಾರೆ, ಅದು ಹೆಚ್ಚಾಗಿ ರಾಸಾಯನಿಕಗಳಿಂದ ಸವೆದ ಮತ್ತು ನರೆತ ಕೂದಲಿಗೆ ಸಂಬಂಧಿಸಿದ್ದು. ಇದರ ದೊಡ್ಡ ಅನುಕೂಲ ಅಂದರೆ ದಿನಾ ಬೇಕಾಗುವುದಿಲ್ಲ. ವಾರಕ್ಕೆ 2 ಸಲ, 2ರಿಂದ 4 ವಾರ, ಅಷ್ಟೇ ಅದರ ಪದ್ಧತಿ. ತಲೆಸ್ನಾನದ ಲೆಕ್ಕ ಕಮ್ಮಿಯಾಗುವುದರಿಂದ ಡೈ ಹಾಕಿದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಗರ್ಭಿಣಿಯರು, ಹಾಲೂಡಿಸುವವರು ಮಾತ್ರ ಯಾವುದೇ ಔಷಧಿ ಶಾಂಪೂ ಶುರು ಮಾಡುವ ಮುಂಚೆ ವೈದ್ಯರನ್ನು ಕೇಳಲಿ.

ಹೊಟ್ಟು ಸ್ವಲ್ಪವೇ ಇದ್ದರೆ ಪೈರೋಕ್ಟೋನ್ ಓಲಮೈನ್ ಇರುವ ಶಾಂಪೂ ಸಾಕಾಗಬಹುದು. ಇದನ್ನು ಮಾಮೂಲಿ ಶಾಂಪೂ ಹಾಗೆ ಬಳಸುವ, ಮೆದು ನೊರೆಯ ಬಾಟಲಿಗಳು ಸಿಗುತ್ತವೆ. ಜಿಂಕ್ ಪೈರಿಥಿಯೋನ್ ಕೂಡ ಹೀಗೇ ಮಧ್ಯಮ ದರ್ಜೆಯದು, ಆದರೆ ಅದು ಸಿಗುವ ಬಾಟಲಿಗಳಲ್ಲಿ ಸೋಪಿನ ಚುರುಕು ಬಹಳ ಏರುಪೇರು, ಲೋಟದ ಪರೀಕ್ಷೆ ಮಾಡಿಯೇ ನಂಬಿ. ಸ್ಯಾಲಿಸಿಲಿಕ್ ಆಸಿಡ್ ಬೇರೆ ಕೆಲಸದ್ದು. ಅದು ಅಂಟಿಕೊಂಡ ದಪ್ಪ ಹೊಟ್ಟನ್ನು ಸಡಿಲ ಮಾಡುತ್ತದೆ, ಶಿಲೀಂಧ್ರದ ಮೇಲೆ ಅದನ್ನು ನಂಬಿಕೊಳ್ಳುವ ಹಾಗಿಲ್ಲ. ಹಕ್ಕಳೆ ಗಟ್ಟಿಯಾಗಿ ಕೂತಿದ್ದರೆ ಮೊದಲ ಒಂದೆರಡು ಸಲ ಬಳಸಿ, ಆಮೇಲೆ ಬಿಡಿ.

ಅಡುಗೆ ಸೋಡಾ ಹಚ್ಚಿ ತಿಕ್ಕುವ ಸಲಹೆ ಎಲ್ಲೆಡೆ ಓಡಾಡುತ್ತದೆ. ಅದು ಕ್ಷಾರ. ಡೈ ಹಾಕುವಾಗ ಹಂಚು ಎತ್ತಿದ್ದೂ ಕ್ಷಾರವೇ ಅಲ್ವಾ? ಬಣ್ಣ ಹಾಕಿದ ಕೂದಲಿಗೆ ಸೋಡಾ ಹಚ್ಚುವುದು ಬಾಗಿಲು ತೆರೆದಿಟ್ಟು ಬಣ್ಣವನ್ನು ಕಳಿಸಿಕೊಟ್ಟ ಹಾಗೆ. ನಿಂಬೆರಸ ಅದಕ್ಕೆ ವಿರುದ್ಧ ಸ್ವಭಾವದ್ದಾದರೂ, ಗೀರಿಕೊಂಡ ನೆತ್ತಿಗೆ ಉರಿ, ಹಚ್ಚಿಕೊಂಡು ಬಿಸಿಲಿಗೆ ಹೋದರೆ ಕೂದಲ ಬಣ್ಣ ತಿಳಿಯಾಗುತ್ತದೆ.

ಒಂದು ತಲೆಸ್ನಾನ, ಹೆಜ್ಜೆ ಹೆಜ್ಜೆಯಾಗಿ

ಗೆಳತಿಗೆ ಹೇಳಿಕೊಟ್ಟ ಕ್ರಮ ಇದು. ಅವಳ ಕೂದಲು ಭುಜದವರೆಗೆ ಇದೆ. ನಿಮ್ಮದು ಉದ್ದವಾಗಿದ್ದರೆ ಕಂಡಿಷನರ್ ಜಾಸ್ತಿ ಬೇಕಾಗುತ್ತದೆ, ಔಷಧಿ ಅಲ್ಲ. ನೆತ್ತಿ ಎಲ್ಲರದ್ದೂ ಹೆಚ್ಚು ಕಮ್ಮಿ ಅಷ್ಟೇ ಇರುತ್ತದೆ.

ಒಣ ಕೂದಲಲ್ಲೇ ಸಿಕ್ಕು ಬಿಡಿಸಿಕೊಳ್ಳಿ. ನೆತ್ತಿಯನ್ನು ಬಾಚಣಿಗೆಯಿಂದ ಕೆರೆದು ಹೊಟ್ಟು ಉದುರಿಸಬೇಡಿ. ಕೆರೆದ ಗೀರಿಗೆ ಔಷಧಿ ಬಿದ್ದರೆ ಚುರುಗುಟ್ಟುತ್ತದೆ, ಮುಂದಿನ ಡೈಯಂತೂ ಇನ್ನೂ ಉರಿಯುತ್ತದೆ.

ಉಗುರುಬೆಚ್ಚಗಿನ ನೀರಲ್ಲಿ ತಲೆ ನೆನೆಸಿ. ಮುಂಗೈ ಒಳಭಾಗಕ್ಕೆ ಬಿಟ್ಟುಕೊಂಡರೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಅನ್ನಿಸಬೇಕು. ಕೂದಲು ಹಿಂಡಿ, ಕಿವಿಯ ಮಟ್ಟದಿಂದ ಕೆಳಗೆ ಮಾತ್ರ ಕಂಡಿಷನರ್ ಬಳಿಯಿರಿ. ಹೌದು, ಶಾಂಪೂಗಿಂತ ಮೊದಲೇ. ನೊರೆ ಕೆಳಗೆ ಇಳಿದಾಗ ಅದು ಮೊದಲು ಈ ಕಂಡಿಷನರ್‌ಗೆ ತಾಗುತ್ತದೆ, ಅದರ ಜೊತೆ ಗುದ್ದಾಡಿ ಒಂದಿಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಎಣ್ಣೆ ಹಚ್ಚಿದರೂ ಕಾವಲಾಗುತ್ತದೆ, ಆದರೆ ಆಮೇಲೆ ಎಣ್ಣೆ ಬಿಡಿಸಲು ತುದಿಗೆ ಮತ್ತೆ ಶಾಂಪೂ ಬೇಕು. ಬಂದ ಲಾಭ ಅಲ್ಲೇ ಹೋಗುತ್ತದೆ. ಆ ತುದಿಗಳನ್ನು ಸುತ್ತಿ ಒಂದು ಕ್ಲಿಪ್ ಹಾಕಿ ಮೇಲೆ ಕಟ್ಟಿ. ಆದರೆ ನೆತ್ತಿಗೆ ಕಂಡಿಷನರ್ ತಾಗದಂತೆ ಕಟ್ಟಬೇಕು.

ಈಗ ಔಷಧಿ. ಅಂಗೈಗೆ ಸುರಿದು ತಲೆ ಮೇಲೆ ತಟ್ಟುವ ಅಭ್ಯಾಸ ಬಿಡಿ. ಹಾಗೆ ಮಾಡಿದರೆ ಕೂದಲಿನ ಮೇಲ್ಭಾಗಕ್ಕೆ ಹತ್ತುತ್ತದೆ, ಚರ್ಮಕ್ಕೆ ಇಳಿಯುವುದೇ ಇಲ್ಲ. ಚೂಪು ಮೂತಿಯ ಸಣ್ಣ ಬಾಟಲಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಬೆರಳ ತುದಿ ಸಾಕು. ಬೈತಲೆ ತೆಗೆದು, ಆ ಗೆರೆಯುದ್ದಕ್ಕೂ ಚರ್ಮಕ್ಕೆ ಹಚ್ಚಿ. ಬೆರಳಗಲ ಬಿಟ್ಟು ಇನ್ನೊಂದು ಬೈತಲೆ. ಹಣೆಯಂಚು, ಕಿವಿ ಹಿಂದೆ, ಕುತ್ತಿಗೆ ಮೇಲ್ಭಾಗ ಮರೆಯಬೇಡಿ, ಹೊಟ್ಟು ಅಡಗಿ ಕೂರುವುದು ಅಲ್ಲೇ. ಎಲ್ಲ ಸೇರಿ ಒಂದೆರಡು ಟೀ ಚಮಚದಷ್ಟು ಸಾಕು. ಮಾಮೂಲಿ ಶಾಂಪೂ ಜೊತೆ ಬೆರೆಸಿ ಹಚ್ಚಬೇಡಿ. ಔಷಧಿ ತೆಳುವಾಗಿಬಿಡುತ್ತದೆ.

ಬೆರಳ ತುದಿಯಲ್ಲಿ, ಉಗುರು ತಾಗದ ಹಾಗೆ, ಒಂದರ್ಧ ನಿಮಿಷ ಉಜ್ಜಿ ನಿಲ್ಲಿಸಿ. ನೊರೆ ಜಾಸ್ತಿ ಬರಲಿಲ್ಲ ಅಂತ ಇನ್ನಷ್ಟು ಹಾಕಬೇಡಿ. ಈಗ ಕಾಯುವ ಹೊತ್ತು. ಕೀಟೋಕೊನಜೋಲ್ ಆದರೆ 3ರಿಂದ 5 ನಿಮಿಷ, ಬೇರೆಯದಾದರೆ ಬಾಟಲಿ ಮೇಲೆ ಬರೆದಷ್ಟು. ಗಡಿಯಾರ ನೋಡಿಯೇ ಕಾಯಿರಿ. ಕಣ್ಣು ಮುಚ್ಚಿ ನಿಂತಾಗ ಒಂದು ನಿಮಿಷವೇ ಐದು ಅನ್ನಿಸುತ್ತದೆ. ಮೈಗೆ ಸೋಪು ಹಚ್ಚಿಕೊಳ್ಳುವ ಕೆಲಸ ಈ ಹೊತ್ತಿಗೇ ಇಟ್ಟುಕೊಂಡರೆ ಸಮಯ ಹೋದದ್ದು ಗೊತ್ತಾಗುವುದಿಲ್ಲ.

ತೊಳೆಯುವಾಗ ತಲೆಯನ್ನು ಮುಂದಕ್ಕೆ ಬಾಗಿಸಿ, ನೀರು ಕುತ್ತಿಗೆಯಿಂದ ಹಣೆಯ ಕಡೆ ಹರಿಯಲಿ. ಕ್ಲಿಪ್ ಇನ್ನೂ ತೆಗೆಯಬೇಡಿ. ನೆತ್ತಿಯ ನೊರೆ ಬಹುಪಾಲು ಹೋದ ಮೇಲೆ ಕ್ಲಿಪ್ ಬಿಚ್ಚಿ ತುದಿಗಳನ್ನು ತೊಳೆಯಿರಿ. ಅಷ್ಟು ಹೊತ್ತಿಗೆ ಕೆಳಗಿಳಿಯುವುದು ತೆಳು ಸೋಪಿನ ನೀರು ಮಾತ್ರ, ತುದಿ ಚೊಕ್ಕ ಆಗಲು ಅದೇ ಸಾಕು. ಬೇಕಾದರೆ ತುದಿಗೆ ಇನ್ನೊಮ್ಮೆ ಸ್ವಲ್ಪ ಕಂಡಿಷನರ್ ಹಚ್ಚಿ ಎರಡು ನಿಮಿಷ ಬಿಟ್ಟು ತೊಳೆಯಿರಿ.

ಹಳೆ ಬಿಳಿ ಟವೆಲ್‌ನಲ್ಲಿ ಉಜ್ಜದೆ ಒತ್ತಿ ಒರೆಸಿ. ಬಿಳಿ ಯಾಕೆಂದರೆ, ಪ್ರತಿ ವಾರ ಟವೆಲ್ ಮೇಲೆ ಬೀಳುವ ಕಲೆಯೇ ನಿಮ್ಮ ಅಳತೆಗೋಲು. ಗೆಳತಿಯ ಟವೆಲ್ ಮೇಲೆ ಮೊದಲು ಅಂಗೈ ಅಗಲದ ಕಂದು ಕಲೆ ಬೀಳುತ್ತಿತ್ತು. ಈ ರೀತಿ ಶುರು ಮಾಡಿದ ಮೂರನೇ ಸ್ನಾನಕ್ಕೆ ಕಿವಿಯ ಹತ್ತಿರ ಒಂದೆರಡು ಚುಕ್ಕೆ ಮಾತ್ರ ಉಳಿದಿತ್ತು.

ಗೆಳತಿಯ ನಾಲ್ಕು ವಾರ

ತುದಿಯ ಬಣ್ಣ ಹೇಗೂ ಕೆಟ್ಟಿತ್ತು. ತಕ್ಷಣ ಮತ್ತೆ ಡೈ ಹಾಕೋಣ ಅಂದಳು, ನಾನು ಬೇಡ ಅಂದೆ. ನೆತ್ತಿ ಕೆಂಪಾಗಿ ತುರಿಸುವಾಗ ಡೈ ಹಾಕಿದರೆ ಉರಿ ಜಾಸ್ತಿ, ಜೊತೆಗೆ ಹಾಕಿದ ಮರುವಾರವೇ ಔಷಧಿ ಶಾಂಪೂ ಹಾಕಿ ಬಣ್ಣ ಕಳೆಯಬೇಕಾಗುತ್ತದೆ. ಮೊದಲು ನೆತ್ತಿ, ಆಮೇಲೆ ಬಣ್ಣ ಅಂತ ತೀರ್ಮಾನ ಆಯಿತು.

ಬುಧವಾರ ಮತ್ತು ಭಾನುವಾರ ಮೇಲಿನ ಕ್ರಮದಲ್ಲಿ ಕೀಟೋಕೊನಜೋಲ್. ನಡುವೆ ತಲೆಸ್ನಾನ ಇಲ್ಲ. ಶುಕ್ರವಾರದ ಹೊತ್ತಿಗೆ ಜಿಡ್ಡು ಅನ್ನಿಸಿದರೆ ಸಲ್ಫೇಟ್ ಅನ್ನುವ ಚುರುಕು ನೊರೆ ಪದಾರ್ಥ ಇಲ್ಲದ ಮೆದು ಶಾಂಪೂವನ್ನು ನೆತ್ತಿಗೆ ಮಾತ್ರ. ಅಂದರೆ ತಿಂಗಳಿಗೆ ಔಷಧಿ 8 ಸಲ. ಮುಂಚೆ ಹತ್ತೇ ದಿನದಲ್ಲಿ ಹತ್ತು ಸಲ ಆಗಿತ್ತು. ನೆತ್ತಿಗೆ ಎಣ್ಣೆ ಹಚ್ಚುವುದನ್ನು ಈ ತಿಂಗಳ ಮಟ್ಟಿಗೆ ನಿಲ್ಲಿಸಿದಳು. ನೆತ್ತಿಯ ಎಣ್ಣೆಯೇ ಆ ಶಿಲೀಂಧ್ರದ ಊಟ, ಮೇಲಿಂದ ನಾವೂ ಬಡಿಸುವುದು ಯಾಕೆ? ತುದಿಗೆ ಹಚ್ಚಿಕೊಳ್ಳಲು ಅಡ್ಡಿಯಿಲ್ಲ.

ಮೊದಲ ವಾರ ಅವಳಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಎರಡನೇ ವಾರ ತುರಿಕೆ ನಿಂತಿತು, ಆದರೆ ಹೊಟ್ಟು ಉದುರುತ್ತಲೇ ಇತ್ತು. ಇಲ್ಲಿ ಬಹಳ ಜನ ಎಡವುತ್ತಾರೆ, ಔಷಧಿ ಹಿಡಿಸಲಿಲ್ಲ ಅಂತ ಬಾಟಲಿ ಬದಲಿಸುತ್ತಾರೆ. ಮೊದಲೇ ಎದ್ದಿದ್ದ ಪದರ ಉದುರಿ ಮುಗಿಯಲು ಸಮಯ ಬೇಕು. ಮೂರನೇ ವಾರದ ಕೊನೆಗೆ ಕಪ್ಪು ಅಂಗಿ ಹಾಕಿಕೊಂಡು ಹೊರಗೆ ಹೋದಳು. ನಾಲ್ಕನೇ ವಾರ ನೆತ್ತಿಯ ಕೆಂಪು ಪೂರ್ತಿ ಇಳಿದಿತ್ತು.

ಕೊನೆಯ ಔಷಧಿ ಸ್ನಾನ ಭಾನುವಾರ. ಬುಧವಾರ ಬಣ್ಣ. ನಡುವೆ ಎರಡು ದಿನ ತಲೆಗೆ ನೀರೂ ಮುಟ್ಟಿಸಲಿಲ್ಲ. ನೆತ್ತಿಯ ಸಹಜ ಜಿಡ್ಡು ಸ್ವಲ್ಪ ಕೂತಿದ್ದರೆ ಡೈಯ ಉರಿ ಕಮ್ಮಿ. ಬುಡದ ಬಿಳಿ ಕೂದಲಿಗೆ ಮಾತ್ರ ಪರ್ಮನೆಂಟ್ ಡೈ ಹಾಕಿಸಿ, ತುಕ್ಕು ಹಿಡಿದ ಉದ್ದಕ್ಕೆ ಅಮೋನಿಯಾ ಇಲ್ಲದ, ಪರ್ಮನೆಂಟ್‌ಗಿಂತ ಮೆದುವಾದ ಡೆಮಿ ಪರ್ಮನೆಂಟ್ ಬಣ್ಣ ಹಾಕಿಸಿದಳು. ಸವೆದ ತುದಿಗೆ ಮತ್ತೆ ಮತ್ತೆ ಪೂರ್ತಿ ಡೈ ಬಳಿದರೆ ಅದು ಇನ್ನಷ್ಟು ಸವೆಯುತ್ತದೆ, ಇನ್ನೂ ಬೇಗ ಬಣ್ಣ ಬಿಡುತ್ತದೆ.

ಬಣ್ಣ ಹಾಕಿದ ಮೇಲೆ 3 ದಿನ ತಲೆಸ್ನಾನ ಬೇಡ. ಆಮೇಲೆ ಮೆದು ಶಾಂಪೂ ವಾರಕ್ಕೆ ಎರಡು ಸಲ. ಔಷಧಿ ಶಾಂಪೂ ಈಗ ಎರಡು ವಾರಕ್ಕೆ ಒಂದು ಸಲ, ಅದೇ ಕ್ಲಿಪ್ ಹಾಕುವ ಕ್ರಮದಲ್ಲಿ. ಇದನ್ನು ಪೂರ್ತಿ ಬಿಟ್ಟರೆ ಹೊಟ್ಟು ವಾಪಸ್ ಬರುತ್ತದೆ, ಆ ಶಿಲೀಂಧ್ರ ಎಲ್ಲೂ ಹೋಗಿರುವುದಿಲ್ಲ. ಮುಂದೆ ಮಂಕಾದಾಗ ಬಣ್ಣ ಇರುವ ಕಂಡಿಷನರನ್ನು ತುದಿಗೆ ಹಚ್ಚಿದರೂ ಒಂದಿಷ್ಟು ದಿನ ನಡೆಯುತ್ತದೆ.

ಶಾಂಪೂ ಬೇಡವೇ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. ನೆತ್ತಿಗೆ ಹಚ್ಚಿ ಬಿಡುವ ಲೋಷನ್ ಅಥವಾ ಫೋಮ್ ರೂಪದಲ್ಲೂ ಔಷಧಿ ಸಿಗುತ್ತದೆ. ಸೋಪೂ ಇಲ್ಲ, ತೊಳೆಯುವುದೂ ಇಲ್ಲ, ಹಾಗಾಗಿ ಉದ್ದ ಕೂದಲಿನ ಬಣ್ಣಕ್ಕೆ ಇದೇ ಎಲ್ಲಕ್ಕಿಂತ ಕ್ಷೇಮ. ಆದರೆ ಇವನ್ನು ಚರ್ಮದ ವೈದ್ಯರೇ ಬರೆದುಕೊಡಲಿ. ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ, ಅದನ್ನು ನಾವಾಗೇ ತಿಂಗಳುಗಟ್ಟಲೆ ಹಚ್ಚುವ ಹಾಗಿಲ್ಲ.

ಅದು ಹೊಟ್ಟೇ ಅಲ್ಲದಿದ್ದರೆ

ಗೆಳತಿಗೆ ಡೈ ಹಾಕಿದ ಮೂರನೇ ದಿನ ಹೊಟ್ಟು ಶುರುವಾಗಿತ್ತು ಅಂದೆನಲ್ಲ. ಅದನ್ನು ಕೇಳಿದಾಗ ನನಗೆ ಮೊದಲು ಬಂದದ್ದು ಬೇರೆಯದೇ ಅನುಮಾನ. ಡೈಯಲ್ಲಿರುವ ಪಿಪಿಡಿ ಅನ್ನುವ ಪದಾರ್ಥಕ್ಕೆ ಕೆಲವರಿಗೆ ಅಲರ್ಜಿ ಇರುತ್ತದೆ. ಅದು ಹಾಕಿದ ತಕ್ಷಣ ಕಾಣದೆ ಒಂದೆರಡು ದಿನ ಬಿಟ್ಟು ಏಳಬಹುದು. ತುರಿಕೆ, ಪದರ ಏಳುವುದು, ಎಲ್ಲ ಹೊಟ್ಟಿನ ಹಾಗೇ. ಹತ್ತು ವರ್ಷ ಅದೇ ಡೈ ಹಾಕಿ ಏನೂ ಆಗದವರಿಗೂ ಹನ್ನೊಂದನೇ ವರ್ಷ ಶುರುವಾಗಬಹುದು.

ವ್ಯತ್ಯಾಸ ಹುಡುಕಬೇಕಾದದ್ದು ಅಂಚುಗಳಲ್ಲಿ. ಹೊಟ್ಟಾದರೆ ಜಿಡ್ಡಾದ, ಸ್ವಲ್ಪ ಹಳದಿ ಮಿಶ್ರಿತ ಪದರ, ತಲೆಯ ಮಧ್ಯೆ, ಹುಬ್ಬಿನಲ್ಲಿ, ಮೂಗಿನ ಪಕ್ಕದಲ್ಲೂ ಇರಬಹುದು, ಡೈ ಹಾಕುವ ಮುಂಚಿನಿಂದಲೂ ಬಂದು ಹೋಗುತ್ತಿರುತ್ತದೆ. ಅಲರ್ಜಿಯಾದರೆ ಹಣೆಯಂಚು, ಕಿವಿಯ ಮೇಲ್ಭಾಗ, ಕುತ್ತಿಗೆ ಕೆಂಪಾಗಿ ಉರಿಯುತ್ತದೆ. ಸಣ್ಣ ನೀರುಗುಳ್ಳೆ ಏಳಬಹುದು, ರೆಪ್ಪೆ ಊದಿಕೊಳ್ಳಬಹುದು. ಪ್ರತಿ ಸಲ ಡೈ ಹಾಕಿದ ಮೇಲೆ ಹೀಗಾಗುತ್ತಿದ್ದರೆ ಯಾವ ಹೊಟ್ಟಿನ ಶಾಂಪೂವೂ ಅದನ್ನು ವಾಸಿ ಮಾಡುವುದಿಲ್ಲ, ಡೈ ನಿಲ್ಲಿಸುವುದೇ ದಾರಿ. ಮುಖ ಊದಿ ಉಸಿರಾಟಕ್ಕೆ ತೊಂದರೆಯಾದರೆ ಮನೆಯಲ್ಲಿ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಗೆಳತಿಗೆ ಅಂಚುಗಳಲ್ಲಿ ಏನೂ ಇರಲಿಲ್ಲ, ಮೂಗಿನ ಪಕ್ಕ ಮಾತ್ರ ಪದರ ಎದ್ದಿತ್ತು. ಹಾಗಾಗಿ ಹೊಟ್ಟಿನ ದಾರಿ ಹಿಡಿದೆವು. ಆದರೂ ನಾಲ್ಕನೇ ವಾರ ಹೊಸ ಬಣ್ಣಕ್ಕೆ ಮುಂಚೆ, ಡೈ ಪೊಟ್ಟಣದ ಚೀಟಿಯಲ್ಲಿ ಹೇಳಿದ ಹಾಗೆ ಚರ್ಮದ ಪರೀಕ್ಷೆ ಮಾಡಿಸಿದೆ. ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ 48 ಗಂಟೆ ಕಾದೆವು.

ನಾಲ್ಕು ವಾರ ಸರಿಯಾಗಿ ಮಾಡಿಯೂ ಕಮ್ಮಿಯಾಗದಿದ್ದರೆ, ಬೆಳ್ಳಿಯಂಥ ದಪ್ಪ ಹಕ್ಕಳೆ ಕೂದಲಂಚು ದಾಟಿ ಹಣೆಗೆ ಬಂದಿದ್ದರೆ, ಕೂದಲು ಗುಂಡಗೆ ತೇಪೆ ತೇಪೆಯಾಗಿ ಉದುರಿದ್ದರೆ, ರಸಿಕೆ ಬರುತ್ತಿದ್ದರೆ ಚರ್ಮದ ವೈದ್ಯರ ಹತ್ತಿರ ಹೋಗಿ. ಹೋಗುವಾಗ ಶಾಂಪೂ ಬಾಟಲಿ ಜೊತೆ ಡೈ ಪೊಟ್ಟಣವನ್ನೂ ತಗೊಂಡು ಹೋಗಿ, ಕೊನೆಯ ಬಾರಿ ಯಾವ ದಿನ ಬಣ್ಣ ಹಾಕಿದ್ದು, ಎಷ್ಟನೇ ದಿನ ತುರಿಕೆ ಶುರುವಾಯಿತು ಅಂತ ಅದರ ಮೇಲೇ ಬರೆದಿಟ್ಟುಕೊಳ್ಳಿ.